ಹಲವು ಅಲರ್ಜಿ ಇರುವ ಗೆಳತಿಗೆ ಉಡುಗೊರೆ: ಕೇಳುವುದರಿಂದ ಕೊಡುವವರೆಗೆ ಸಮಗ್ರ ಮಾರ್ಗದರ್ಶಿ

ಗೆಳತಿಗೆ ಗೋಡಂಬಿ ಆಗಲ್ಲ ಎಂದು ಗೊತ್ತಿರುತ್ತದೆ. ಅದಕ್ಕೇ ಸ್ವೀಟ್ ಬಾಕ್ಸ್ ಬಿಟ್ಟು ಪರಿಮಳದ ಮೇಣದಬತ್ತಿ ಕೊಡುತ್ತಾರೆ. ಅದರ ವಾಸನೆಗೆ ಅವಳಿಗೆ ಉಬ್ಬಸ ಬರುತ್ತದೆ. ಮುಂದಿನ ಸಲ ಮೇಣದಬತ್ತಿ ಬಿಟ್ಟು 'ನ್ಯಾಚುರಲ್' ಹ್ಯಾಂಡ್ ಕ್ರೀಮ್ ತರುತ್ತಾರೆ. ಎರಡು ದಿನ ಬಿಟ್ಟು ಅವಳ ಕೈಯೆಲ್ಲ ಕೆಂಪಾಗಿ ತುರಿಕೆ. ಕೊಟ್ಟವರಿಗೆ ಬೇಜಾರು, ತಗೊಂಡವಳಿಗೆ ಹೇಳಲಾಗದ ಸಂಕೋಚ.

ಇಲ್ಲಿ ತಪ್ಪುವುದು ಪ್ರೀತಿಯಲ್ಲಲ್ಲ, ಕ್ರಮದಲ್ಲಿ. ಬಹಳ ಜನ ಮೊದಲು ವಸ್ತು ಇಷ್ಟಪಡುತ್ತಾರೆ, ಆಮೇಲೆ ಅದು ಆಗುತ್ತದೋ ಇಲ್ಲವೋ ಎಂದು ನೋಡುತ್ತಾರೆ. ಇಷ್ಟವಾದ ವಸ್ತುವಿನ ಲೇಬಲ್ ಓದುವಾಗ ಕಣ್ಣು ತಪ್ಪುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅಂಗಡಿಗೆ ಹೋಗುವುದು ಅರ್ಧ ದಾರಿ ಕಳೆದ ಮೇಲೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಗೆಳತಿಯ ಹೆಸರು ಸುಮಾ ಎಂದಿಟ್ಟುಕೊಳ್ಳಿ. ಮೈಸೂರಿನಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶ. ಅವಳಿಗೆ ಗೋಡಂಬಿ ಮತ್ತು ಎಳ್ಳು ಆಗಲ್ಲ. ಊದುಬತ್ತಿ, ಸೆಂಟಿನ ವಾಸನೆಗೆ ಉಬ್ಬಸ. ಇಮಿಟೇಶನ್ ಒಡವೆ ಹಾಕಿದರೆ ಕಿವಿ, ಕುತ್ತಿಗೆ ಕೆರೆಯುತ್ತದೆ. ಕೆಲವು ಕ್ರೀಮ್‌ಗಳಿಗೂ ಚರ್ಮ ಕೆಡುತ್ತದೆ.

## ಕೈಯಲ್ಲಿ ಇರಬೇಕಾದ್ದು

ಹೆಚ್ಚೇನೂ ಬೇಡ. ಟಾರ್ಚ್ ಮತ್ತು ಕ್ಯಾಮೆರಾ ಇರುವ ಫೋನು ಸಾಕು. ಲೇಬಲ್ ಮೇಲಿನ ಅಕ್ಷರ ಬಹಳ ಚಿಕ್ಕದು. ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕು. ಗಟ್ಟಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ, ಒಗೆದ ಹಳೆಯ ಹತ್ತಿ ಬಟ್ಟೆ, ಬಣ್ಣ ಅಚ್ಚಾಗದ ಸಾದಾ ಕಾಗದ ಇಟ್ಟುಕೊಳ್ಳಿ. ಲೋಹದ ವಸ್ತು ಕೊಡುವ ಯೋಚನೆ ಇದ್ದರೆ ಆನ್‌ಲೈನ್‌ನಲ್ಲಿ ಸಿಗುವ ನಿಕ್ಕಲ್ ಪರೀಕ್ಷೆಯ ಕಿಟ್ ತರಿಸಿ.

## ಹಂತ 1: ಅವಳನ್ನೇ ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

'ಸರ್‌ಪ್ರೈಸ್ ಹಾಳಾಗುತ್ತದೆ' ಎಂದು ಕೇಳದೇ ಇರುವುದೇ ಮೊದಲ ತಪ್ಪು. ಯಾವ ವಸ್ತು ಕೊಡುತ್ತೀರಿ ಎಂಬುದು ಗುಟ್ಟಾಗಿರಲಿ. ಏನು ಆಗಲ್ಲ ಎಂಬುದು ಗುಟ್ಟಾಗಿರಬೇಕಿಲ್ಲ.

'ನಿನಗೆ ಏನೇನು ಅಲರ್ಜಿ?' ಎಂದು ಒಟ್ಟಾಗಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕೇಳಿದ ಕ್ಷಣಕ್ಕೆ ನೆನಪಾಗಿದ್ದನ್ನು ಹೇಳುತ್ತಾರೆ, ಅಷ್ಟೇ. ಕೆಲವರಿಗೆ ತಮ್ಮಿಂದ ಇನ್ನೊಬ್ಬರಿಗೆ ತೊಂದರೆ ಎಂಬ ಹಿಂಜರಿಕೆ ಬೇರೆ. ಹೀಗೆ ಬರೆದು ಕಳಿಸಿ:

"ಸುಮಾ, ಗೃಹಪ್ರವೇಶಕ್ಕೆ ಏನೋ ತರಬೇಕು ಅಂದ್ಕೊಂಡಿದೀನಿ ಕಣೇ. ನೀನು ಇಟ್ಟುಕೊಂಡು ಬಳಸೋ ಥರ ಇರಬೇಕು. ತಿನ್ನೋದ್ರಲ್ಲಿ ಏನು ಆಗಲ್ಲ? ಅದು ಪಕ್ಕದಲ್ಲಿದ್ರೂ ತೊಂದ್ರೆನಾ, ತಿಂದ್ರೆ ಮಾತ್ರನಾ? ಯಾವ ವಾಸನೆ ಆಗಲ್ಲ? ಈಗ ಯಾವ ಸೋಪು, ಯಾವ ಕ್ರೀಮು ಹಚ್ಕೋತೀಯ? ಒಡವೆ, ಬಟ್ಟೆ, ಹೂವು ಯಾವುದಾದ್ರೂ ಕೆರೆಯುತ್ತಾ? ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟ ಚೀಟಿ ಇದ್ರೆ ಫೋಟೊ ಕಳ್ಸು."

ಈ ಪ್ರಶ್ನೆಗಳಲ್ಲಿ ಎರಡು ತುಂಬ ಮುಖ್ಯ. ಒಂದು, 'ಪಕ್ಕದಲ್ಲಿದ್ದರೂ ತೊಂದರೆನಾ' ಎಂಬುದು. ಅವಳು ಎಷ್ಟು ಕಟ್ಟುನಿಟ್ಟಾಗಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು, 'ಈಗ ಏನು ಬಳಸುತ್ತೀಯ' ಎಂಬುದು. ಆಗದಿರುವ ವಸ್ತುಗಳ ಪಟ್ಟಿಗಿಂತ ಆಗುವ ವಸ್ತುಗಳ ಪಟ್ಟಿ ಹೆಚ್ಚು ಭರವಸೆಯದು. ವರ್ಷಗಟ್ಟಲೆ ಅವಳು ಹಚ್ಚಿಕೊಂಡು ಏನೂ ಆಗದ ಕ್ರೀಮು ಯಾವುದು ಎಂದು ಗೊತ್ತಾದರೆ ಅಂಗಡಿಯ ಉಳಿದೆಲ್ಲ ಕ್ರೀಮು ನಿಮಗೆ ಬೇಕಾಗಿಯೇ ಇಲ್ಲ.

ಉತ್ತರ ಬಂದ ಮೇಲೆ ಒಂದು ಮೆಟ್ಟಿಲು ಮುಂದೆ ಕೇಳಿ. ಸಸ್ಯಗಳಲ್ಲೂ ಕುಟುಂಬಗಳಿವೆ. ಗೋಡಂಬಿ ಮತ್ತು ಪಿಸ್ತಾ ಒಂದೇ ಕುಟುಂಬದವು, ಅವುಗಳ ಪ್ರೋಟೀನ್ ಬಹಳ ಹೋಲುತ್ತದೆ. ಗೋಡಂಬಿ ಆಗದ ಹೆಚ್ಚಿನವರಿಗೆ ಪಿಸ್ತಾವೂ ಆಗುವುದಿಲ್ಲ. ಹಾಗೆಯೇ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ತಾಗಿ ಚರ್ಮ ಕೆಡುವವರಿಗೆ ಸೇವಂತಿಗೆಯೂ ಕೆರೆಯಬಹುದು. ಎರಡೂ ಒಂದೇ ಕುಟುಂಬ. ಸೂರ್ಯಕಾಂತಿ, ಜರ್ಬೇರಾ, ಚೆಂಡುಹೂವು ಕೂಡ ಅದೇ ಗುಂಪು. ರಬ್ಬರಿನ ಲೇಟೆಕ್ಸ್ ಆಗದ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ಆಗುವುದಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಕಂಡರೆ ಅದರ ನೆಂಟರ ಬಗ್ಗೆಯೂ ಕೇಳಿ.

ಸುಮಾಳ ಉತ್ತರ: ಗೋಡಂಬಿ, ಪಿಸ್ತಾ, ಎಳ್ಳು ತಿನ್ನಂಗಿಲ್ಲ, ಅವುಗಳ ಚೂರು ತಾಗಿದ್ದೂ ಬೇಡ. ಊದುಬತ್ತಿ, ರೂಮ್ ಫ್ರೆಶ್‌ನರ್, ಸೆಂಟು ಯಾವುದೂ ಬೇಡ. ಚರ್ಮದ ಪರೀಕ್ಷೆಯ ಚೀಟಿಯಲ್ಲಿ ಎರಡು ಹೆಸರು ಇವೆ: ನಿಕ್ಕಲ್ ಮತ್ತು ಫ್ರೇಗ್ರೆನ್ಸ್ ಮಿಕ್ಸ್. ಎರಡನೆಯದು ಸುಗಂಧಕ್ಕೆ ಬಳಸುವ ಹಲವು ರಾಸಾಯನಿಕಗಳನ್ನು ಸೇರಿಸಿ ಮಾಡಿದ ಪರೀಕ್ಷೆ.

## ಹಂತ 2: ಪಟ್ಟಿಯನ್ನು ದೇಹಕ್ಕೆ ಹೋಗುವ ದಾರಿಯ ಪ್ರಕಾರ ಬರೆಯಿರಿ

ಸುಮ್ನೆ ಹೆಸರುಗಳ ಪಟ್ಟಿ ಇಟ್ಟುಕೊಂಡರೆ ಅಂಗಡಿಯಲ್ಲಿ ಗೊಂದಲವಾಗುತ್ತದೆ. ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿ: ಬಾಯಿ, ಮೂಗು, ಚರ್ಮ. ಸುಮಾಳ ಹಾಳೆಯಲ್ಲಿ ಬಾಯಿಯ ಕೆಳಗೆ ಗೋಡಂಬಿ, ಪಿಸ್ತಾ, ಎಳ್ಳು. ಮೂಗಿನ ಕೆಳಗೆ ಸುಗಂಧ, ಹೊಗೆ. ಚರ್ಮದ ಕೆಳಗೆ ನಿಕ್ಕಲ್, ಸುಗಂಧ.

ಇನ್ನು ಪ್ರತಿ ಉಡುಗೊರೆಯ ಬಗ್ಗೆ ಒಂದೇ ಪ್ರಶ್ನೆ: ಇದು ಯಾವ ಯಾವ ದಾರಿಯಲ್ಲಿ ಹೋಗುತ್ತದೆ? ಸ್ವೀಟ್ ಬಾಯಿಯ ದಾರಿ. ಮೇಣದಬತ್ತಿ ಮೂಗಿನ ದಾರಿ. ಪರಿಮಳದ ಕ್ರೀಮು ಚರ್ಮ, ಮೂಗು ಎರಡೂ; ಕೈಗೆ ಹಚ್ಚಿ ಊಟ ಮಾಡಿದರೆ ಬಾಯಿಯೂ ಸೇರುತ್ತದೆ. ಹೆಚ್ಚು ದಾರಿ ತುಳಿಯುವ ವಸ್ತುವನ್ನು ಮೊದಲು ಕೈಬಿಡಿ.

ಸಮಯವನ್ನೂ ಈ ಹಂತದಲ್ಲೇ ತಿಳಿದುಕೊಳ್ಳಿ, ಯಾಕೆಂದರೆ ದೊಡ್ಡ ತಪ್ಪು ಆಗುವುದು ಇಲ್ಲೇ. ಊಟದ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಕ್ರೀಮು, ನಿಕ್ಕಲ್ ತಾಗಿ ಬರುವ ಚರ್ಮದ ಅಲರ್ಜಿ ಹಾಗಲ್ಲ. ಅದು ಒಂದು ದಿನ, ಎರಡು ದಿನ, ಮೂರು ದಿನ ಬಿಟ್ಟು ಏಳುತ್ತದೆ. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡಿ, ಆಮೇಲೆ ಇನ್ನೊಮ್ಮೆ ನೋಡುವುದು ಇದಕ್ಕೇ. ಅಂಗಡಿಯಲ್ಲಿ ಟೆಸ್ಟರ್ ಹಚ್ಚಿ 'ಏನೂ ಆಗಲಿಲ್ವಲ್ಲ' ಎಂದರೆ ಅದಕ್ಕೆ ಅರ್ಥವೇ ಇಲ್ಲ. ನಿಮ್ಮ ಕೈಗೆ ಹಚ್ಚಿ ನೋಡಿದರಂತೂ ಏನೂ ತಿಳಿಯುವುದಿಲ್ಲ.

## ಹಂತ 3: ನೋಡದೆಯೇ ಕೈಬಿಡಬೇಕಾದ್ದು

ಅಂಗಡಿಗೆ ಹೋಗುವ ಮೊದಲೇ ಕೆಲವನ್ನು ಹೊಡೆದು ಹಾಕಿ. ಎದುರಿಗೆ ಕಂಡರೆ ಮನಸ್ಸು ಬದಲಾಗುತ್ತದೆ.

ಮಿಶ್ರ ಗಿಫ್ಟ್ ಹ್ಯಾಂಪರ್ ಮೊದಲು ಹೋಗಲಿ. ಹತ್ತು ವಸ್ತು ಇದ್ದರೆ ಹತ್ತು ಲೇಬಲ್, ಅದರಲ್ಲಿ ಚಿಕ್ಕ ಸ್ಯಾಷೆಗಳಿಗೆ ಲೇಬಲ್ಲೇ ಇರುವುದಿಲ್ಲ. ಒಳಗೆ ಒಂದು ಸೋಪು ಇದ್ದರೆ ಅದರ ವಾಸನೆ ಎಲ್ಲಕ್ಕೂ ಹತ್ತಿರುತ್ತದೆ.

ಸ್ವೀಟ್ ಅಂಗಡಿಯ ತೂಕದ ಸಿಹಿಯೂ ಬೇಡ. ಅವಳಿಗೆ ಮೈಸೂರು ಪಾಕು ಆಗಬಹುದು: ಕಡಲೆ ಹಿಟ್ಟು, ತುಪ್ಪ, ಸಕ್ಕರೆ. ಆದರೆ ಕಾಜು ಬರ್ಫಿ ಕತ್ತರಿಸಿದ ಚಾಕುವಿನಲ್ಲೇ ಅದನ್ನೂ ಕತ್ತರಿಸಿರುತ್ತಾರೆ, ಅದೇ ಇಕ್ಕಳದಲ್ಲಿ ಎತ್ತಿ ಹಾಕುತ್ತಾರೆ. ಮೇಲೆ ಪಿಸ್ತಾ ಚೂರು ಉದುರಿಸುವ ಅಭ್ಯಾಸ ಬೇರೆ. ಚೂರನ್ನು ಎತ್ತಿ ಎಸೆದರೆ ಅಲರ್ಜಿ ಹೋಗುವುದಿಲ್ಲ.

ಪರಿಮಳವೇ ಮುಖ್ಯವಾದ ವಸ್ತುಗಳೆಲ್ಲ ಹೋಗಲಿ: ಊದುಬತ್ತಿ, ಧೂಪ, ಡಿಫ್ಯೂಸರ್, ಅತ್ತರು, ಗಂಧದ ಸೋಪು. ಮೈಸೂರಿನ ಗೃಹಪ್ರವೇಶಕ್ಕೆ ಗಂಧದ ಸೋಪಿನ ಪೆಟ್ಟಿಗೆ ಕೊಡಬೇಕು ಅನಿಸುವುದು ಸಹಜ. ಸುಮಾಳಿಗೆ ಮಾತ್ರ ಬೇಡ. 'ಇದು ಅಸಲಿ ಗಿಡಮೂಲಿಕೆ ಎಣ್ಣೆ, ಕೆಮಿಕಲ್ ಇಲ್ಲ' ಎಂಬ ಮಾತಿಗೆ ಮರುಳಾಗಬೇಡಿ. ಲವಂಗದಲ್ಲಿ ಸಹಜವಾಗಿಯೇ ಇರುವ ಯೂಜೆನಾಲ್, ಚಕ್ಕೆಯ ಸಿನ್ನಮಾಲ್ ಇವೇ ಫ್ರೇಗ್ರೆನ್ಸ್ ಮಿಕ್ಸ್ ಪರೀಕ್ಷೆಯಲ್ಲಿ ಇರುವ ವಸ್ತುಗಳು. ಚರ್ಮಕ್ಕೆ ಅದು ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಲೆಕ್ಕವಿಲ್ಲ.

ಇನ್ನು ಜರ್ಮನ್ ಸಿಲ್ವರ್. ನಮ್ಮ ಕಡೆ ಗೃಹಪ್ರವೇಶ, ಸೀಮಂತ ಎಂದರೆ ಜರ್ಮನ್ ಸಿಲ್ವರ್ ಕುಂಕುಮದ ಭರಣಿ, ತಟ್ಟೆ, ದೀಪ ಕೊಡುವುದು ರೂಢಿಯಾಗಿಬಿಟ್ಟಿದೆ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ಸತು, ನಿಕ್ಕಲ್ ಸೇರಿಸಿ ಮಾಡಿದ ಲೋಹ ಅದು. ನಿಕ್ಕಲ್ಲಿನ ಪಾಲು ಐದರಲ್ಲಿ ಒಂದರಷ್ಟು ಇರುವುದೂ ಉಂಟು. ಷೋಕೇಸಿನಲ್ಲಿ ಇಟ್ಟು ನೋಡಿದರೆ ಯಾರಿಗೂ ಏನೂ ಆಗುವುದಿಲ್ಲ; ನಿಕ್ಕಲ್ ತೊಂದರೆ ಕೊಡುವುದು ಚರ್ಮಕ್ಕೆ ಹೊತ್ತುಗಟ್ಟಲೆ ಅಥವಾ ಪದೇಪದೇ ತಾಗಿದಾಗ, ಅದರಲ್ಲೂ ಬೆವರು ಸೇರಿದಾಗ. ಆದರೆ ಭರಣಿ ದಿನಾ ಒದ್ದೆ ಕೈಯಲ್ಲಿ ಮುಟ್ಟುವ ವಸ್ತು, ದೀಪ ದಿನಾ ತಿಕ್ಕುವ ವಸ್ತು. ನಿಕ್ಕಲ್ ಆಗದವಳಿಗೆ ಇದನ್ನು ಕೊಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

## ಹಂತ 4: ತಿನ್ನುವುದನ್ನೇ ಕೊಡಬೇಕೆಂದರೆ

ನನ್ನ ಸಲಹೆ, ತಿನ್ನುವುದನ್ನು ಬಿಟ್ಟುಬಿಡಿ. ಬೇರೆ ವಸ್ತುವಿನಲ್ಲಿ ತಪ್ಪಾದರೆ ತುರಿಕೆ ಬರಬಹುದು, ಇಲ್ಲಿ ತಪ್ಪಾದರೆ ಆಸ್ಪತ್ರೆ. ಆದರೂ ಕೊಡಲೇಬೇಕು ಅನಿಸಿದರೆ ಕಾರ್ಖಾನೆಯಲ್ಲಿ ಸೀಲ್ ಆದ, ಪೂರ್ತಿ ಲೇಬಲ್ ಇರುವ ಪ್ಯಾಕೆಟ್ ಮಾತ್ರ ಕೊಡಿ.

ಲೇಬಲ್ ಓದುವ ಕ್ರಮ ಇದು. ಮೊದಲು ಪದಾರ್ಥಗಳ ಪಟ್ಟಿ ಪೂರ್ತಿ ಓದಿ. ಆಮೇಲೆ ಅದರ ಹತ್ತಿರವೇ ಇರುವ 'ಕಂಟೇನ್ಸ್' ಸಾಲು. ಕೊನೆಗೆ 'ಮೇ ಕಂಟೇನ್' ಸಾಲು. ಎರಡನೆಯ ಸಾಲು ಬೇಕೆಂದೇ ಹಾಕಿದ್ದನ್ನು ಹೇಳುತ್ತದೆ. ಮೂರನೆಯದು ಅದೇ ಯಂತ್ರದಲ್ಲಿ ಬೇರೇನೋ ಮಾಡಿದಾಗ ಸೇರಿಕೊಂಡಿರಬಹುದಾದದ್ದನ್ನು ಹೇಳುತ್ತದೆ. ಸುಮಾ 'ಚೂರು ತಾಗಿದ್ದೂ ಬೇಡ' ಎಂದಿದ್ದಾಳೆ. ಹಾಗಾಗಿ ಅವಳ ವಿಷಯದಲ್ಲಿ ಮೂರನೆಯ ಸಾಲಿನಲ್ಲಿ 'ನಟ್ಸ್' ಎಂದು ಕಂಡರೂ ವಾಪಸ್ ಇಡಬೇಕು.

ಬಹಳ ಜನರಿಗೆ ತಿಳಿಯದ ಒಂದು ವಿಷಯ ಇಲ್ಲಿದೆ. ನಮ್ಮ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಕಂಪನಿಗಳು ಕೆಲವು ಅಲರ್ಜಿಕಾರಕಗಳನ್ನು ಬೇರೆಯಾಗಿ ಎತ್ತಿ ಹೇಳಬೇಕು: ಗೋಧಿಯಂಥ ಗ್ಲೂಟನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕೆಡದಂತೆ ಹಾಕುವ ಸಲ್ಫೈಟ್ ಒಂದು ಮಿತಿ ದಾಟಿದ್ದರೆ ಅದು. ಈ ಪಟ್ಟಿಯಲ್ಲಿ ಎಳ್ಳು ಇಲ್ಲ, ಸಾಸಿವೆಯೂ ಇಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನು ಹೇಳಲೇಬೇಕು, ಯುರೋಪಿನಲ್ಲಿ ಎಳ್ಳು, ಸಾಸಿವೆ ಎರಡನ್ನೂ ಹೇಳಬೇಕು. ನಮ್ಮಲ್ಲಿ 'ಕಂಟೇನ್ಸ್' ಸಾಲಿನಲ್ಲಿ ಎಳ್ಳು ಕಾಣಲಿಲ್ಲ ಎಂದರೆ ಎಳ್ಳು ಇಲ್ಲ ಎಂದು ಅರ್ಥವಲ್ಲ. ಮೇಲಿನ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಅಲ್ಲೂ 'ಮಿಶ್ರ ಮಸಾಲೆ' ಎಂದು ಒಟ್ಟಾಗಿ ಬರೆಯಲು ಅವಕಾಶ ಇದೆ. ಹಾಗಾಗಿ ಎಳ್ಳು ಆಗದವರಿಗೆ ಚಟ್ನಿಪುಡಿ, ಮಸಾಲೆ ಪುಡಿ, ಖಾರದ ತಿಂಡಿ ಕೊಡಲೇಬೇಡಿ.

ಹಸಿರು ಚುಕ್ಕೆ ನೋಡಿ ನೆಮ್ಮದಿಪಡುವವರೂ ಇದ್ದಾರೆ. ಅದು ಸಸ್ಯಾಹಾರ ಎಂದು ಹೇಳುತ್ತದೆ, ಬೇರೇನೂ ಹೇಳುವುದಿಲ್ಲ. ಹಾಲು, ಗೋಡಂಬಿ, ಎಳ್ಳು ಎಲ್ಲವೂ ಹಸಿರು ಚುಕ್ಕೆಯೊಳಗೇ ಇವೆ.

'ಮನೆಯಲ್ಲೇ ನಾನೇ ಮಾಡುತ್ತೇನೆ' ಎಂಬುದು ಇನ್ನೊಂದು ಯೋಚನೆ. ನಿಮ್ಮ ಅಡುಗೆಮನೆಯಲ್ಲಿ ಎಳ್ಳು-ಬೆಲ್ಲ ಕುಟ್ಟಿದ ಮಿಕ್ಸಿ ಜಾರು, ಗೋಡಂಬಿ ಹುರಿದ ಬಾಣಲೆ ಇರುತ್ತವೆ ಅಲ್ವಾ? ಇಂಗಿನ ಡಬ್ಬಿಯನ್ನೇ ತೆಗೆದು ನೋಡಿ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಗೋಧಿ ಆಗದವರಿಗೆ ಅಕ್ಕಿಯ ಕೋಡುಬಳೆ ಮಾಡಿ ಅದಕ್ಕೆ ಇಂಗು ಹಾಕಿದರೆ ಮುಗಿಯಿತು.

ಸುಮಾಳಿಗೆ ನಾವು ತಿನ್ನುವ ವಸ್ತುವನ್ನು ಕೈಬಿಟ್ಟೆವು.

## ಹಂತ 5: ಮೈಗೆ ಹಚ್ಚುವ ವಸ್ತುವಿನ ಲೇಬಲ್

ಅವಳು ಈಗಾಗಲೇ ಬಳಸುವ ಅದೇ ಕ್ರೀಮಿನ ಅದೇ ಬಗೆಯ ದೊಡ್ಡ ಬಾಟಲಿ ಆದರೆ ಕೊಡಬಹುದು. ಅಲ್ಲೂ ಎಚ್ಚರ. ಒಂದೇ ಹೆಸರಿನ ಕ್ರೀಮಿನಲ್ಲಿ ಅಲೋವೆರಾದ್ದು, ಬಾದಾಮಿಯದ್ದು, ಪರಿಮಳ ಇಲ್ಲದ್ದು ಎಂದು ನಾಲ್ಕಾರು ಬಗೆ ಇರುತ್ತವೆ. ಅವಳ ಹತ್ತಿರ ಇರುವ ಬಾಟಲಿಯ ಹಿಂಬದಿಯ ಫೋಟೊ ತರಿಸಿಕೊಂಡು, ಹೊಸದರ ಪದಾರ್ಥಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಕಂಪನಿಗಳು ಹೆಸರು ಬದಲಿಸದೆ ಒಳಗಿನ ಪದಾರ್ಥ ಬದಲಿಸುವುದುಂಟು.

ಹೊಸದನ್ನು ಕೊಡುವುದಾದರೆ ಪಟ್ಟಿಯಲ್ಲಿ 'ಪರ್ಫ್ಯೂಮ್' ಅಥವಾ 'ಫ್ರೇಗ್ರೆನ್ಸ್' ಎಂಬ ಒಂದು ಪದವನ್ನು ಹುಡುಕಿ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕ ಇರಬಹುದು. ಆಮೇಲೆ ಪಟ್ಟಿಯ ಕೊನೆಯ ಸಾಲುಗಳನ್ನು ನೋಡಿ: ಲಿನಲೂಲ್, ಲಿಮೋನೀನ್, ಜಿರೇನಿಯಾಲ್, ಸಿಟ್ರಾಲ್, ಯೂಜೆನಾಲ್. ಇವೆಲ್ಲ ಸುಗಂಧದ ವಸ್ತುಗಳೇ.

ಮುಂಭಾಗದಲ್ಲಿ 'ಅನ್‌ಸೆಂಟೆಡ್' ಎಂದಿದ್ದರೆ ಅದಕ್ಕೆ ವಾಸನೆ ಬರುವುದಿಲ್ಲ ಎಂದಷ್ಟೇ ಅರ್ಥ. ಮೂಲ ವಾಸನೆ ಮುಚ್ಚಲು ಸುಗಂಧವನ್ನೇ ಹಾಕಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಎಂದಿದ್ದರೆ ಸುಗಂಧ ಸೇರಿಸಿಲ್ಲ ಎಂದರ್ಥ. ಅದನ್ನೂ ಹಿಂದಿನ ಪಟ್ಟಿ ಓದಿ ಖಚಿತಪಡಿಸಿಕೊಳ್ಳಿ. 'ಹೈಪೋಅಲರ್ಜೆನಿಕ್' ಎಂಬ ಮಾತಿನ ಮೇಲೆ ನಿರ್ಧಾರ ಮಾಡಬೇಡಿ. ಇಂತಿಷ್ಟು ಪರೀಕ್ಷೆ ಪಾಸಾದರೆ ಮಾತ್ರ ಆ ಪದ ಬಳಸಬೇಕು ಎಂಬ ಒಂದೇ ಅಳತೆ ಅದರ ಹಿಂದೆ ಇಲ್ಲ.

ಊಟದ ಅಂಕಣವನ್ನು ಇಲ್ಲಿ ಮರೆಯಬೇಡಿ. ಸೋಪು, ಕ್ರೀಮುಗಳಲ್ಲಿ ಬೀಜಗಳ ಎಣ್ಣೆ ಇರುತ್ತದೆ, ಆದರೆ ಲೇಬಲ್‌ನಲ್ಲಿ ಅವು ಸಸ್ಯಶಾಸ್ತ್ರದ ಹೆಸರಿನಲ್ಲಿ ಅಡಗಿರುತ್ತವೆ. ಸೆಸಾಮಮ್ ಇಂಡಿಕಮ್ ಎಂದರೆ ಎಳ್ಳು. ಅನಕಾರ್ಡಿಯಂ ಆಕ್ಸಿಡೆಂಟೇಲ್ ಎಂದರೆ ಗೋಡಂಬಿ. ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಎಂದರೆ ಬಾದಾಮಿ. ಆರಾಕಿಸ್ ಹೈಪೋಜಿಯಾ ಎಂದರೆ ಕಡಲೆಕಾಯಿ. ನಮ್ಮ ಅಭ್ಯಂಜನದ ಎಣ್ಣೆಗಳಲ್ಲಿ ಎಷ್ಟೋ ಎಳ್ಳೆಣ್ಣೆಯಿಂದಲೇ ಮಾಡಿದವು. ಸುಮಾಳಿಗೆ ಆಯುರ್ವೇದದ ಮೈಎಣ್ಣೆ ಕೊಡಬಾರದು ಎನ್ನಲು ಅದೊಂದೇ ಕಾರಣ ಸಾಕು.

## ಹಂತ 6: ಲೇಬಲ್ ಇಲ್ಲದ ವಸ್ತುವನ್ನು ಪರೀಕ್ಷಿಸುವುದು

ಸುಮಾಳ ಹಾಳೆ ನೋಡಿದರೆ ಉಳಿಯುವುದು ತಿನ್ನದ, ವಾಸನೆ ಇಲ್ಲದ, ಮೈಗೆ ಅಂಟಿಕೊಂಡಿರದ ವಸ್ತು. ಗೃಹಪ್ರವೇಶಕ್ಕೆ ನಾವು ಆರಿಸಿದ್ದು ಬೀದರಿನ ಬಿದರಿ ಕೆಲಸದ ಚಿಕ್ಕ ಹೂದಾನಿ. ಬಿದರಿಯ ಲೋಹ ಸತು ಮತ್ತು ತಾಮ್ರ. ಸತು ಜಾಸ್ತಿ, ತಾಮ್ರ ಸ್ವಲ್ಪ. ಮೇಲೆ ಕೂರಿಸುವ ಚಿತ್ತಾರ ಬೆಳ್ಳಿಯದು. ಸಾಂಪ್ರದಾಯಿಕ ಮಿಶ್ರಣದಲ್ಲಿ ನಿಕ್ಕಲ್ ಇಲ್ಲ. ಕಾವೇರಿ ಎಂಪೋರಿಯಂನಂಥ ಕರಕುಶಲ ಮಳಿಗೆಗಳಲ್ಲಿ ಸಿಗುತ್ತದೆ.

ಲೇಬಲ್ ಇಲ್ಲದ ವಸ್ತುವಿಗೆ ಮಾರುವವರ ಮಾತೇ ಲೇಬಲ್. ಹೀಗೆ ಕೇಳಬಹುದು:

"ಅಣ್ಣ, ಇದು ನಿಜವಾದ ಬಿದರಿನಾ, ಬೇರೆ ಲೋಹಕ್ಕೆ ಕಪ್ಪು ಬಣ್ಣ ಕೊಟ್ಟಿದ್ದಾ?"

"ಬಿದರಿನೇ ಮೇಡಂ. ತಂತಿ ಬೆಳ್ಳೀದು."

"ಕೊನೇಲಿ ಯಾವ ಎಣ್ಣೆ ಒರೆಸಿರ್ತಾರೆ?"

ಕೊನೆಯ ಪ್ರಶ್ನೆ ಕೇಳಿದರೆ ಅಂಗಡಿಯವರು ಸ್ವಲ್ಪ ಅಚ್ಚರಿಪಡಬಹುದು. ಆದರೆ ಕೇಳಲೇಬೇಕು. ಬಿದರಿಯ ಕಪ್ಪು ಮಿರುಗಲು ಕೊನೆಗೆ ಎಣ್ಣೆ ಹಾಕಿ ಉಜ್ಜುತ್ತಾರೆ. ಯಾವ ಎಣ್ಣೆ ಎಂದು ಅವರಿಗೂ ಗೊತ್ತಿಲ್ಲದಿದ್ದರೆ ಮನೆಗೆ ತಂದು ಒಣ ಹತ್ತಿ ಬಟ್ಟೆಯಲ್ಲಿ, ಚಿತ್ತಾರದ ಸಂದುಗಳನ್ನೂ ಬಿಡದೆ, ಬಟ್ಟೆಗೆ ಜಿಡ್ಡು ಹತ್ತುವುದು ನಿಲ್ಲುವವರೆಗೆ ಒರೆಸಿ.

ನಿಕ್ಕಲ್ ಪರೀಕ್ಷೆ ಮಾಡುವುದು ಸುಲಭ. ಕಿಟ್‌ನ ದ್ರಾವಣವನ್ನು ಹತ್ತಿಯ ಕಡ್ಡಿಗೆ ಹಾಕಿ, ವಸ್ತುವಿನ ತಳದಲ್ಲಿ ಕಣ್ಣಿಗೆ ಕಾಣದ ಕಡೆ ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಹೊರಬರುತ್ತಿದೆ ಎಂದರ್ಥ. ಆ ವಸ್ತು ಬೇಡ. ಬಣ್ಣ ಬರದಿದ್ದರೆ ನಿಕ್ಕಲ್ ಇಲ್ಲವೇ ಇಲ್ಲ ಎಂದು ಹೇಳಲಾಗದು. ಮೇಲಿನ ಲೇಪನ ಅದನ್ನು ಮುಚ್ಚಿರಬಹುದು, ಲೇಪನ ಸವೆದ ಮೇಲೆ ಹೊರಬರಬಹುದು. ಹಾಗಾಗಿ ಲೇಪನದ ಅಗ್ಗದ ಒಡವೆ ಪರೀಕ್ಷೆಯಲ್ಲಿ ಪಾಸಾದರೂ ಕೊಡಬೇಡಿ. ಒಡವೆಯೇ ಕೊಡಬೇಕೆಂದಿದ್ದರೆ 925 ಗುರುತು ಮತ್ತು ಹಾಲ್‌ಮಾರ್ಕ್ ಇರುವ ಬೆಳ್ಳಿ ನೋಡಿ. ಕಿವಿಯೋಲೆಯ ತಿರುಪು, ಸರದ ಕೊಂಡಿ ಅದೇ ಬೆಳ್ಳಿಯದಾ ಎಂದು ಬೇರೆಯಾಗಿ ಕೇಳಿ.

ವಾಸನೆಗೆ ಡಬ್ಬಿ ಪರೀಕ್ಷೆ. ವಸ್ತುವನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಗಟ್ಟಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ಮೂಸಿ. ಬಯಲಲ್ಲಿ ಗೊತ್ತಾಗದ ವಾಸನೆ ಡಬ್ಬಿಯಲ್ಲಿ ಕೂಡಿಕೊಂಡು ಗೊತ್ತಾಗುತ್ತದೆ. ದಿನಾ ಊದುಬತ್ತಿ ಹಚ್ಚುವ ಮನೆಯವರಾದರೆ ನಿಮ್ಮ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ; ಬೇರೆ ಮನೆಯ ಒಬ್ಬರಿಂದ ಮೂಸಿಸಿ. ಹೂದಾನಿಗೆ ಏನೂ ವಾಸನೆ ಬರಲಿಲ್ಲ, ಆದರೆ ಅದರ ಮಖಮಲ್ಲಿನ ಪೆಟ್ಟಿಗೆಗೆ ಗಂಧದ ವಾಸನೆ ಹತ್ತಿತ್ತು ಎಂದಿಟ್ಟುಕೊಳ್ಳಿ. ಕರಕುಶಲ ಮಳಿಗೆಗಳಲ್ಲಿ ಗಂಧದ ಕೊರಡು, ಊದುಬತ್ತಿ ಪಕ್ಕದಲ್ಲೇ ಇರುವುದರಿಂದ ಇದು ಸಾಮಾನ್ಯ. ಪೆಟ್ಟಿಗೆಯನ್ನು ನೀವೇ ಇಟ್ಟುಕೊಳ್ಳಿ, ಹೂದಾನಿ ಮಾತ್ರ ಕೊಡಿ.

ಬಟ್ಟೆ ಕೊಡುವವರಿಗೂ ಇದೇ ಡಬ್ಬಿ ಪರೀಕ್ಷೆ. ಅಂಗಡಿಯ ನುಸಿಗುಳಿಗೆಯ ವಾಸನೆ ಸೀರೆಯ ಮಡಿಕೆಯೊಳಗೆ ಕೂತಿರುತ್ತದೆ. ಹತ್ತಿ ಬಟ್ಟೆಯಾದರೆ ಒಗೆದೇ ಕೊಡಿ. ಸುಕ್ಕಾಗದಂತೆ ಮಾಡಿದ ಹೊಸ ಬಟ್ಟೆಯ ಗಂಜಿ, ರಾಸಾಯನಿಕಗಳು ಒಗೆದಾಗ ಅಷ್ಟಾದರೂ ಕಡಿಮೆಯಾಗುತ್ತವೆ. ಘಮಘಮಿಸುವ ಡಿಟರ್ಜೆಂಟು, ಕಂಫರ್ಟು ಹಾಕಬೇಡಿ. ಒಗೆದು ಕೊಟ್ಟರೆ ಹಳೆಯದು ಅಂದುಕೊಳ್ಳುತ್ತಾಳೆ ಎಂಬ ಭಯ ಬೇಡ, ಬಿಲ್ಲಿನ ಜೊತೆ ಒಂದು ಸಾಲು ಬರೆದಿಡಿ.

## ಹಂತ 7: ಕಟ್ಟುವುದು

ವಸ್ತು ಸರಿಯಾಗಿ ಆರಿಸಿ ಕಟ್ಟುವಾಗ ಕೆಡಿಸುವುದು ಬಹಳ. ಕಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಸಾಲದು, ಅದು ಕ್ರಿಮಿಗಳಿಗೆ, ಕೈಗೆ ಅಂಟಿದ ಗೋಡಂಬಿ ಚೂರಿಗಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ತಿಂಡಿ ತಿಂದ ಟೇಬಲ್ಲಿನ ಮೇಲೆ ಕಟ್ಟಬೇಡಿ.

ಸಾದಾ ಕಾಗದ, ಹತ್ತಿ ದಾರ ಸಾಕು. ಪರಿಮಳದ ಕಾಗದ, ಒಣಹೂವಿನ ಅಲಂಕಾರ ಬೇಡ. ಲೇಟೆಕ್ಸ್ ಆಗದವರಿಗಾದರೆ ರಬ್ಬರ್ ಬ್ಯಾಂಡೂ ಬೇಡ, ಬಲೂನೂ ಬೇಡ. ಕಟ್ಟಿದ ಮೇಲೆ ದೇವರಮನೆಯಲ್ಲಿ, ಬೀರುವಿನಲ್ಲಿ, ಕಾರಿನ ಫ್ರೆಶ್‌ನರ್ ಪಕ್ಕದಲ್ಲಿ ಇಡಬೇಡಿ.

ಉಡುಗೊರೆಯ ಜೊತೆ ಅರಿಶಿನ ಕುಂಕುಮ, ಹೂವು, ರವಿಕೆ ಕಣ ಇಟ್ಟು ಕೊಡುವ ರೂಢಿ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಅಂಗಡಿಯ ಕುಂಕುಮದ ಬಣ್ಣಕ್ಕೆ, ಸುಗಂಧಕ್ಕೆ ಚರ್ಮದ ಅಲರ್ಜಿ ಆಗುವವರಿದ್ದಾರೆ. ಅಂಟಿಸುವ ಬಿಂದಿಯ ಗೋಂದಿಗೂ ಆಗುತ್ತದೆ. ಸುಮಾಳಿಗೆ ಎಲೆ, ಅಡಿಕೆ, ತೆಂಗಿನಕಾಯಿ ಸಾಕು. ತೆಂಗಿನಕಾಯಿ ಆಗುತ್ತದಾ ಎಂದು ಮೊದಲೇ ಕೇಳಿರಬೇಕು. ಮುಯ್ಯಿ ಎಂದು ಕವರಿನಲ್ಲಿ ದುಡ್ಡಿಟ್ಟು ಕೊಡುವುದೂ ಒಳ್ಳೆಯದೇ. ಅಲರ್ಜಿಯ ಪಟ್ಟಿ ತೀರಾ ಉದ್ದ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

## ಹಂತ 8: ಕೊಡುವಾಗ ಮತ್ತು ಕೊಟ್ಟ ಮೇಲೆ

ಒಂದು ಚೀಟಿ ಜೊತೆಗಿರಲಿ. ಸುಮಾಳ ಚೀಟಿ ಹೀಗಿರಬಹುದು: "ಬಿದರಿ, ಸತು ಮತ್ತು ತಾಮ್ರ, ಬೆಳ್ಳಿ ಚಿತ್ತಾರ. ನಿಕ್ಕಲ್ ಟೆಸ್ಟ್ ಮಾಡಿದೀನಿ, ಬಣ್ಣ ಬರಲಿಲ್ಲ. ಯಾವ ಎಣ್ಣೆ ಹಾಕಿದ್ರೋ ಗೊತ್ತಿಲ್ಲ, ಪೂರ್ತಿ ಒರೆಸಿದೀನಿ. ಬಿಲ್ಲು ಒಳಗಿದೆ, ಬೇಡ ಅನ್ಸಿದ್ರೆ ಬದಲಾಯಿಸ್ಕೋ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಅದನ್ನು ಓದಿ ಬಳಸುವುದೋ ಬಿಡುವುದೋ ಅವಳು ತೀರ್ಮಾನಿಸುತ್ತಾಳೆ. ಎಲ್ಲರೆದುರು 'ತೆಗೆದು ನೋಡು, ಹಚ್ಚಿ ನೋಡು, ಒಂದು ಚೂರು ತಿನ್ನು' ಎಂದು ಒತ್ತಾಯ ಮಾಡಬೇಡಿ. ಮೂಲ ಲೇಬಲ್ ಕಿತ್ತು ಹಾಕಬೇಡಿ. ಬೆಲೆ ಮುಚ್ಚಬೇಕಿದ್ದರೆ ಬೆಲೆಯನ್ನಷ್ಟೇ ಮುಚ್ಚಿ.

ಚರ್ಮಕ್ಕೆ ತಾಗುವ ವಸ್ತುವಾದರೆ ನಾಲ್ಕನೆಯ ದಿನ ಒಂದು ಫೋನು ಮಾಡಿ. ತಾಗಿದ ಜಾಗದಲ್ಲಿ ಕೆಂಪು, ತುರಿಕೆ, ಚಿಕ್ಕ ನೀರುಗುಳ್ಳೆ ಇದ್ದರೆ ವಸ್ತುವನ್ನು ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಬೇಕು. ಪದಾರ್ಥಗಳ ಪಟ್ಟಿಯ ಫೋಟೊ ನಿಮ್ಮ ಫೋನಿನಲ್ಲಿ ಇದ್ದರೆ ಡಾಕ್ಟರಿಗೆ ಬಹಳ ಅನುಕೂಲ.

ತಿಂದ ಮೇಲೆ ಬರುವ ಲಕ್ಷಣಗಳಿಗೆ ಕಾಯುವಂತಿಲ್ಲ. ತುಟಿ, ನಾಲಿಗೆ ಊದುವುದು, ಗಂಟಲು ಕಟ್ಟಿ ದನಿ ಬದಲಾಗುವುದು, ಉಸಿರಾಟದಲ್ಲಿ ಸಿಳ್ಳೆ, ಮೈಯೆಲ್ಲ ದದ್ದಿನ ಜೊತೆ ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ಡಾಕ್ಟರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಅವಳ ಹತ್ತಿರ ಇದ್ದರೆ ಅವರು ಹೇಳಿಕೊಟ್ಟಂತೆ ತೊಡೆಯ ಹೊರಬದಿಗೆ ಕೊಡಬೇಕು. ಅಲರ್ಜಿ ಮಾತ್ರೆ ನುಂಗಿಸಿ ಕಾದು ನೋಡುವುದು ಅಪಾಯ, ಗಂಟಲು ಕಟ್ಟುವುದನ್ನು ಆ ಮಾತ್ರೆ ತಡೆಯುವುದಿಲ್ಲ. ಮಲಗಿಸಿ ಕಾಲು ಸ್ವಲ್ಪ ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಒರಗಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಸ್ವಲ್ಪ ಹೊತ್ತಿಗೆ ಸರಿಯಾದಂತೆ ಕಂಡರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾಕೆಂದರೆ ಕೆಲವರಿಗೆ ಕೆಲವು ಗಂಟೆ ಬಿಟ್ಟು ಅದೇ ಲಕ್ಷಣಗಳು ಮರಳುತ್ತವೆ. ತಿಂದ ವಸ್ತುವಿನ ಪ್ಯಾಕೆಟ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ.